ಐದನೆಯ ಪ್ರಶ್ನೆ

ಕೊನೆಯಲ್ಲಿದ್ದ ಪೂರ್ತಿ ಹೆಸರು ಮೊದಲೇ ಕಣ್ಣಿಗೆ ಬಿದ್ದಿದ್ದರೆ ಶಾಲಿನಿ ಆ ಇಮೇಲನ್ನು ಅಷ್ಟು ಅಕ್ಕರೆಯಿಂದ ಓದುತ್ತಿರಲಿಲ್ಲ.

ರೆಡ್ಮಂಡಿನ ಆಫೀಸಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಡಬ್ಬಿಯ ಚಿತ್ರಾನ್ನ ತಿನ್ನುತ್ತ ಫೋನಿನಲ್ಲಿ ಓದುತ್ತಿದ್ದಳು. ಕಳಿಸಿದವರ ಜಾಗದಲ್ಲಿ 'ನಿಸರ್ಗ ಸಿ.' ಎಂದಷ್ಟೇ ಇತ್ತು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯ ಅಚ್ಚುಕಟ್ಟಾದ ಇಂಗ್ಲಿಷು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನಮಸ್ಕಾರ ಶಾಲಿನಿ ಅವರೇ. ನಾನು ಕಂಪ್ಯೂಟರ್ ಸೈನ್ಸ್ ಎರಡನೆಯ ವರ್ಷದ ವಿದ್ಯಾರ್ಥಿನಿ. ಹೋದ ತಿಂಗಳು ಬೆಲ್‌ವ್ಯೂನಲ್ಲಿ ನೀವು ಕೋಡ್ ರಿವ್ಯೂ ಬಗ್ಗೆ ಮಾತಾಡಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪರದೆಯಿಂದ ಡೇಟಾಬೇಸಿನವರೆಗೆ ಪೂರ್ತಿ ನಾನೊಬ್ಬಳೇ ಕಟ್ಟಿದ ಮೊದಲ ಪ್ರಾಜೆಕ್ಟ್ ಇದು. ಹೆಸರು ಮನೆಕಾವಲು. ಬೇಸಿಗೆಯಲ್ಲಿ ಇಂಡಿಯಾಕ್ಕೆ ಹೋಗುವ ಮನೆಯವರು ತಮ್ಮ ವಿಳಾಸ, ಊರಲ್ಲಿಲ್ಲದ ದಿನಗಳು, ಗರಾಜಿನ ಬಾಗಿಲು ತೆರೆಯುವ ಕೋಡ್ ಇವನ್ನು ಹಾಕಿಡುತ್ತಾರೆ. ಅವರು ಆರಿಸಿದ ಸ್ನೇಹಿತರಿಗೆ ಮಾತ್ರ ಅದು ಕಾಣುತ್ತದೆ. ಅವರು ಹೋಗಿ ಗಿಡಕ್ಕೆ ನೀರು ಹಾಕಿ, ಟಪಾಲು ತೆಗೆದಿಟ್ಟು ಬರುತ್ತಾರೆ. ಮುಂದಿನ ಭಾಗ ರಿಯಾಕ್ಟ್, ಸರ್ವರ್ ನೋಡ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಕೋಡಿನ ಕೊಂಡಿ ಕೆಳಗಿದೆ.

"ನನ್ನ ಪ್ರಶ್ನೆಗಳು: ಒಂದು, ಪಾಸ್‌ವರ್ಡುಗಳನ್ನು ಯಾರೂ ಓದಲಾಗದಂತೆ ಬಿಕ್ರಿಪ್ಟ್‌ನಲ್ಲಿ ಹ್ಯಾಶ್ ಮಾಡಿದ್ದೇನೆ, ಅಷ್ಟು ಸಾಕೇ? ಎರಡು, ಲಾಗಿನ್ ಟೋಕನ್ನನ್ನು ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಇಟ್ಟಿದ್ದೇನೆ, ಕುಕಿಯಲ್ಲಿ ಇಡಬೇಕಿತ್ತೇ? ಮೂರು, ಒಂದು ಮನೆಗೆ ಯಾರು ಯಾರು ಸ್ನೇಹಿತರು ಎಂಬುದನ್ನು ಒಂದೇ ಕಾಲಮ್ಮಿನಲ್ಲಿ ಅಲ್ಪವಿರಾಮ ಹಾಕಿ ಬರೆದಿದ್ದೇನೆ; ಬೇರೆ ಟೇಬಲ್ ಬೇಕೇ? ನಾಲ್ಕು, ಟೆಸ್ಟುಗಳನ್ನು ಎಲ್ಲಿಂದ ಶುರು ಮಾಡಲಿ? ಐದು, ಕೇಳಬೇಕೆಂದು ನನಗೇ ಗೊತ್ತಾಗದೆ ಹೋದದ್ದು ಏನಾದರೂ ಇದ್ದರೆ ಅದನ್ನೂ ಹೇಳುತ್ತೀರಾ? ನೀವು ನೋಡಿದ ಮೇಲೆಯೇ ನಿಜವಾದ ಮನೆಗಳ ವಿವರ ತೆಗೆದುಕೊಳ್ಳುತ್ತೇನೆ. ಜೂನ್ ಮೊದಲ ವಾರ ಕನ್ನಡದವರ ಸಭೆಯಲ್ಲಿ ತೋರಿಸುವುದಿದೆ."

ಶಾಲಿನಿಗೆ ಖುಷಿಯಾಯಿತು. ಅವಳಿಗೆ ಬರುವ ಇಮೇಲುಗಳಲ್ಲಿ ಹೆಚ್ಚಿನವು 'ನನ್ನ ಕೋಡ್ ಒಮ್ಮೆ ನೋಡಿ' ಎಂಬ ಒಂದೇ ಸಾಲಿನವು. ಏನು ನೋಡಬೇಕು, ಯಾಕೆ ನೋಡಬೇಕು ಎಂದು ಬಿಡಿಸಿ ಕೇಳುವವರು ಕಡಿಮೆ. ಒಳ್ಳೆ ಹುಡುಗಿ ಅಂದುಕೊಂಡು ಕೆಳಗೆ ಸರಿಸಿದಳು.

ನಿಸರ್ಗ ಚಕ್ರಪಾಣಿ.

ಚಮಚ ಡಬ್ಬಿಯಲ್ಲೇ ನಿಂತಿತು. ಈ ಊರಿನಲ್ಲಿ ಚಕ್ರಪಾಣಿ ಎಂಬ ಹೆಸರನ್ನು ಮಗಳ ಹೆಸರಿನ ಹಿಂದೆ ಇಟ್ಟವರು ಇನ್ನೆಷ್ಟು ಜನ ಇದ್ದಾರು? ಕೋಡಿನ ಪುಟ ತೆರೆದಳು. ಹುಡುಗಿಯ ಫೋಟೋ ಇತ್ತು. ಅದೇ ಅಗಲ ಹಣೆ, ಅದೇ ಸ್ವಲ್ಪ ಮೇಲಕ್ಕೆದ್ದ ಎಡಹುಬ್ಬು.

*

ಎರಡು ಸಾವಿರದ ಒಂಬತ್ತರಲ್ಲಿ ಬೆಲ್‌ವ್ಯೂನ ಒಂದು ಸಣ್ಣ ಕಂಪನಿಯಲ್ಲಿ ಚಕ್ರಪಾಣಿ ಅವಳ ಟೀಮ್ ಲೀಡ್ ಆಗಿದ್ದ. ಆ ಕಂಪನಿ ಈಗ ಇಲ್ಲ. ಎಲ್ಲೆಡೆ ಜನರನ್ನು ತೆಗೆಯುತ್ತಿದ್ದ ವರ್ಷ ಅದು. ಸಾಫ್ಟ್‌ವೇರಿನ ಬಿಡುಗಡೆಗೆ ಮುಂಚೆ, ತಪ್ಪು ಹುಡುಕಲು ಅವನ ಕೋಡನ್ನು ಓದಿ ರಿವ್ಯೂ ಮಾಡಿದವಳು ಶಾಲಿನಿ. ಹಳೆ ದಾಖಲೆ ಅಳಿಸುವ ಜಾಗದಲ್ಲಿ ಗಿರಾಕಿಯ ಗುರುತು ಪರೀಕ್ಷೆ ಮಾಡಿಲ್ಲ, ಒಬ್ಬರದನ್ನು ಅಳಿಸಲು ಹೋದರೆ ಎಲ್ಲರದೂ ಹೋಗುತ್ತದೆ ಎಂದು ಅವನ ಮೇಜಿನ ಹತ್ತಿರ ನಿಂತು ಹೇಳಿದ್ದಳು. "ಆಯ್ತಮ್ಮ, ನೋಡ್ಕೊತೀನಿ, ಮೊದ್ಲು ರಿಲೀಸ್ ಆಗ್ಲಿ" ಎಂದಿದ್ದ. ಅವಳು ಅದನ್ನು ಬರೆದು ಕಳಿಸಲಿಲ್ಲ. ಮೈಸೂರಿನವನು, ಮನೆಗೆ ಕರೆದು ಊಟ ಹಾಕಿದವನು; ಬಾಯಿಮಾತು ಸಾಕು ಎಂದುಕೊಂಡಿದ್ದಳು.

ಡೇಟಾ ಹೋಯಿತು. ಡೈರೆಕ್ಟರರ ಕೋಣೆಯಲ್ಲಿ ಎಲ್ಲರ ಎದುರು ಚಕ್ರಪಾಣಿ ಅವಳ ಕಡೆ ನೋಡದೆ ಹೇಳಿದ: "ಇದನ್ನು ಶಾಲಿನಿ ರಿವ್ಯೂ ಮಾಡಿದ್ದಾಳೆ. ಅವಳು ಏನೂ ಹೇಳಲಿಲ್ಲ."

ಅದೇ ವಾರ ಅವಳ ಕೆಲಸ ಹೋಯಿತು. ವೀಸಾ ಅವಳ ಕೆಲಸದ್ದು, ಗಂಡ ವಾಸುದೇವ ಅದರ ಮೇಲೆ ನಿಂತವನು. ಬಾಡಿಗೆ ಮನೆಯ ಸಾಮಾನನ್ನು ಪಾರ್ಕಿಂಗಿನಲ್ಲಿಟ್ಟು ಬಂದವರಿಗೆ ಕೊಟ್ಟು ಇಂಡಿಯಾಕ್ಕೆ ಹೊರಟರು. ಮತ್ತೆ ಬರಲು ಮೂರು ವರ್ಷ ಬೇಕಾಯಿತು. ಬಂದ ಮೇಲೆ ಅವಳು ಮೇಲೇರಿದಳು, ಹೆಸರು ಮಾಡಿದಳು, ಮನೆ ಕೊಂಡಳು. ಆದರೂ ಸ್ನಾನ ಮಾಡುವಾಗ, ಸಿಗ್ನಲ್ಲಿನಲ್ಲಿ ಕಾಯುವಾಗ, ಆ ಕೋಣೆಯಲ್ಲಿ ತಾನು ಹೇಳಬೇಕಾಗಿದ್ದ ಮಾತನ್ನು ಹೇಳಿಕೊಳ್ಳುವುದು ನಿಂತಿರಲಿಲ್ಲ.

*

ಆ ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೋಡ್ ಓದಿದಳು. ಕೆಟ್ಟದಾಗಿದ್ದರೆ ಸುಲಭವಾಗುತ್ತಿತ್ತು, ಹರಿದು ಚಿಂದಿ ಮಾಡಿ ಕಳಿಸಬಹುದಿತ್ತು. ಆದರೆ ಕೋಡ್ ಚೆನ್ನಾಗಿತ್ತು. ಹೆಸರುಗಳು ಸ್ಪಷ್ಟ, ಫೈಲುಗಳು ಜೋಡಿಸಿದಂತಿದ್ದವು. ಹಾಗೇ ಓದುತ್ತ ಹೋಗಿ ಒಂದು ಜಾಗದಲ್ಲಿ ನಿಂತಳು.

ಮನೆಯ ವಿವರ ಕೊಡುವ ಭಾಗ ಅದು. ಬ್ರೌಸರಿನ ಮೇಲ್ಭಾಗದ ವಿಳಾಸದ ಸಾಲಿನಲ್ಲಿ ಮನೆಯ ನಂಬರು ಬರುತ್ತದೆ. ಕೇಳಿದವರು ಲಾಗಿನ್ ಆಗಿದ್ದಾರೆಯೇ ಎಂದು ಸರ್ವರ್ ನೋಡುತ್ತದೆ. ಆ ಮನೆಯನ್ನು ನೋಡಲು ಅವರಿಗೆ ಹಕ್ಕಿದೆಯೇ ಎಂದು ನೋಡುವುದಿಲ್ಲ. ಪರದೆಯ ಮೇಲೆ ನಿಮ್ಮ ಮನೆಗಳು ಮಾತ್ರ ಕಾಣುತ್ತವೆ, ಸರಿ. ಆದರೆ ವಿಳಾಸದಲ್ಲಿ ಏಳು ಇದ್ದಲ್ಲಿ ಎಂಟು ಎಂದು ಒತ್ತಿದರೆ ಎಂಟನೆಯ ಮನೆ ತೆರೆದುಕೊಳ್ಳುತ್ತದೆ. ಕಲಿಯುವವರು ಮಾಡುವ ತೀರಾ ಸಾಮಾನ್ಯ ತಪ್ಪು. ಡೇಟಾಬೇಸನ್ನು ಕೇಳುವ ಸಾಲಿಗೆ ಒಂದು ಷರತ್ತು ಸೇರಿಸಿದರೆ ಸರಿಹೋಗುತ್ತದೆ.

ಶಾಲಿನಿ ಕುರ್ಚಿಗೊರಗಿ ಕೂತಳು. ಅಪ್ಪನ ತಪ್ಪೇ ಮಗಳ ಕೋಡಿಗೂ ಬಂದಿತ್ತು. ಯಾರದು ಎಂದು ಕೇಳದೆ ಬಾಗಿಲು ತೆರೆಯುವುದು.

ವಾಸುದೇವ ಕಾಫಿ ತಂದಿಟ್ಟು ಇಣುಕಿದ. "ಯಾರದು?"

"ಚಕ್ರಪಾಣಿ ಮಗಳದು."

ಅವನು ಕಾಫಿ ಲೋಟವನ್ನು ಲ್ಯಾಪ್‌ಟಾಪಿನಿಂದ ದೂರ ಸರಿಸಿದ. "ಆಗಲ್ಲ ಅಂತ ಬರ್ದ್ಬಿಡು. ಬಿಜಿ ಇದೀನಿ ಅನ್ನು."

"ಯಾಕೆ? ಪಾಪ, ಕೇಳಿದ್ದಾಳೆ. ಉತ್ತರ ಕೊಡ್ತೀನಿ."

ಕೊಟ್ಟಳು. ಪಾಸ್‌ವರ್ಡ್ ವಿಧಾನ ಸರಿಯಿದೆ ಎಂದಳು. ಟೋಕನ್ನನ್ನು ಸ್ಕ್ರಿಪ್ಟುಗಳಿಗೆ ಓದಲಾಗದ ಕುಕಿಗೆ ಸ್ಥಳಾಂತರಿಸಲು ಹೇಳಿ, ಹಾಗೆ ಮಾಡಿದಾಗ ಬೇರೆ ಸೈಟುಗಳಿಂದ ಬರುವ ನಕಲಿ ಕೋರಿಕೆಗಳನ್ನು ತಡೆಯುವುದು ಹೇಗೆಂದೂ ವಿವರಿಸಿದಳು. ಅಲ್ಪವಿರಾಮದ ಕಾಲಮ್ ತೆಗೆದು ಮನೆ-ಸ್ನೇಹಿತರ ಬೇರೆ ಟೇಬಲ್ ಮಾಡಲು ಚಿತ್ರ ಬರೆದು ತೋರಿಸಿದಳು. ಟೆಸ್ಟನ್ನು ಲಾಗಿನ್ನಿನಿಂದ ಶುರು ಮಾಡು ಎಂದಳು. ಆ ತೂತಿರುವ ಫೈಲಿನಲ್ಲೇ, ತೂತಿಗೆ ಸರಿಯಾಗಿ ಮೇಲಿದ್ದ ಸಾಲಿಗೆ, 'ಈ ಹೆಸರು ಇನ್ನೂ ಸ್ಪಷ್ಟವಾಗಿರಲಿ' ಎಂದು ಟಿಪ್ಪಣಿ ಹಾಕಿದಳು.

ಐದನೆಯ ಪ್ರಶ್ನೆಗೆ ಏನೂ ಬರೆಯಲಿಲ್ಲ. ನಾನು ಏನೂ ಹೇಳಲಿಲ್ಲ ಅಂದೆಯಲ್ಲ, ಅಂದುಕೊಂಡಳು. ತಗೋ, ಈಗ ನಿಜವಾಗಿ ಹೇಳುತ್ತಿಲ್ಲ.

ಯೋಚನೆ ಸರಳವಾಗಿತ್ತು. ಸಭೆಗೆ ಹೋಗುವುದು. ಅಪ್ಪ ಎದೆಯುಬ್ಬಿಸಿ ಕೂತಿರುವಾಗ ಒಂದೇ ಒಂದು ಪ್ರಶ್ನೆ ಕೇಳುವುದು. ನಿಜವಾದ ಮನೆಗಳ ವಿವರ ಬರುವುದು ಸಭೆ ಆದ ಮೇಲೆ ತಾನೇ; ಅಲ್ಲಿ ತೋರಿಸುವುದು ಹೇಗೂ ಸುಳ್ಳು ಹೆಸರು, ಸುಳ್ಳು ವಿಳಾಸಗಳನ್ನೇ, ಯಾರಿಗೂ ನಷ್ಟವಿಲ್ಲ. ಮರ್ಯಾದೆ ಹೋಗುವುದು ಒಬ್ಬನದು. ಮಗಳ ಮುಖದ ಬಗ್ಗೆ ಯೋಚನೆ ಬಂದಾಗ ಅದನ್ನು ಪಕ್ಕಕ್ಕೆ ತಳ್ಳಿದಳು. ಚಿಕ್ಕವಳು, ಚೇತರಿಸಿಕೊಳ್ಳುತ್ತಾಳೆ. ನಾನು ಚೇತರಿಸಿಕೊಳ್ಳಲಿಲ್ಲವೇ?

ನಿಸರ್ಗಳಿಂದ ಅರ್ಧ ಗಂಟೆಯಲ್ಲೇ ಉತ್ತರ ಬಂತು. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ನಿಮ್ಮ ಋಣ ದೊಡ್ಡದು ಎಂದಿತ್ತು. ಶಾಲಿನಿ ಅದನ್ನು ಎರಡು ಸಲ ಓದಿ ಮುಚ್ಚಿದಳು.

*

ನಾರ್ತ್ ಕ್ರೀಕಿನ ಸಭಾಂಗಣದಲ್ಲಿ ಮಡಿಸುವ ಕುರ್ಚಿಗಳು ತುಂಬಿದ್ದವು. ಹಿಂದುಗಡೆ ಮೇಜಿನ ಮೇಲೆ ಪುಳಿಯೋಗರೆ, ಮೊಸರನ್ನದ ಅಲ್ಯುಮಿನಿಯಂ ಟ್ರೇಗಳು. ಚಕ್ರಪಾಣಿ ಮುಂದಿನ ಸಾಲಿನಲ್ಲಿದ್ದ. ಕೂದಲು ನರೆತಿತ್ತು. ಬಂದವರಿಗೆಲ್ಲ "ನನ್ನ ಮಗಳೇ ಮಾಡಿರೋದು, ಪೂರ್ತಿ ಒಬ್ಬಳೇ" ಎಂದು ಹೇಳುತ್ತಿದ್ದ. ಶಾಲಿನಿಯನ್ನು ಕಂಡು ಅವನ ನಗು ಅರ್ಧಕ್ಕೆ ನಿಂತಿತು. ಆಮೇಲೆ ಯಾವುದೋ ಪರಿಚಯದವಳನ್ನು ಕಂಡಂತೆ ತಲೆಯಾಡಿಸಿದ. ಅವಳು ಐದನೆಯ ಸಾಲಿನ ತುದಿಯಲ್ಲಿ ಕೂತಳು.

ನಿಸರ್ಗ ಇಂಗ್ಲಿಷಿನಲ್ಲಿ ಮಾತಾಡಿದಳು, ಹಿರಿಯರಿಗಾಗಿ ನಡುವೆ ತಡವರಿಸುತ್ತ ಕನ್ನಡ. ಪರದೆಯ ಮೇಲೆ ತನ್ನ ಮನೆಯ ಪುಟ ತೆರೆದು ತೋರಿಸಿದಳು. ಟೋಕನ್ ಕುಕಿಗೆ ಹೋಗಿತ್ತು, ಬೇರೆ ಟೇಬಲ್ ಬಂದಿತ್ತು, ಹೇಳಿದ್ದನ್ನೆಲ್ಲ ಮಾಡಿದ್ದಳು. ಚಪ್ಪಾಳೆ ಬಿತ್ತು. ಪ್ರಶ್ನೆಗಳಿವೆಯಾ ಎಂದು ಕೇಳಿದಾಗ ಶಾಲಿನಿ ಎದ್ದು ನಿಂತಳು.

"ನಂದೊಂದು ಪ್ರಶ್ನೆ. ಮೇಲೆ ವಿಳಾಸದಲ್ಲಿ ಮನೆ ನಂಬರ್ ಏಳು ಅಂತ ಇದೆಯಲ್ಲ, ಅದನ್ನ ಬದಲಾಯಿಸಿ ನೋಡಮ್ಮ. ಹನ್ನೆರಡು ಅಂತ ಹಾಕು."

ನಿಸರ್ಗ ಅವಳನ್ನು ಗುರುತಿಸಿ ನಕ್ಕಳು. ನಂಬಿಕೆಯ ನಗು. ಹನ್ನೆರಡು ಎಂದು ಒತ್ತಿದಳು.

ಪುಟ ತೆರೆಯಿತು. ಮರ್ಸರ್ ಐಲ್ಯಾಂಡಿನ ಒಂದು ವಿಳಾಸ. ಮುಂದಿನ ವಾರದಿಂದ ಆಗಸ್ಟಿನವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಗರಾಜಿನ ಕೋಡ್. ಹಿತ್ತಿಲ ಬಾಗಿಲಿನ ಬೀಗದ ಕೈ ತುಳಸಿ ಕುಂಡದ ಕೆಳಗೆ.

"ಅಯ್ಯೋ!" ಎಂದು ಮೂರನೆಯ ಸಾಲಿನಿಂದ ಹೆಂಗಸಿನ ದನಿ. "ಅದು ನಮ್ಮನೆ ಕಣ್ರೀ!"

ಉಷಾ. ಎಪ್ಪತ್ತರ ಹತ್ತಿರದವರು, ಒಂಟಿಯಾಗಿ ಇರುವವರು. ಶಾಲಿನಿ ಎರಡನೆಯ ಸಲ ಈ ದೇಶಕ್ಕೆ ಬಂದಾಗ ಮನೆ ಸಿಗುವವರೆಗೆ ತಮ್ಮ ಮಹಡಿಯ ಕೋಣೆ ಬಿಟ್ಟುಕೊಟ್ಟಿದ್ದವರು. ಶಾಲಿನಿಗೂ ಅವರಿಗೂ ಇದ್ದ ಪರಿಚಯ ಅಲ್ಲಿದ್ದ ಎಷ್ಟೋ ಜನರಿಗೆ ಗೊತ್ತಿತ್ತು. ಶಾಲಿನಿ ಪರದೆಯ ಮೇಲಿನ ವಿಳಾಸವನ್ನು ಮತ್ತೊಮ್ಮೆ ಓದಿದಳು. ಇದು ಸುಳ್ಳು ವಿಳಾಸವಲ್ಲ.

ಸಭೆಯಲ್ಲಿ ಗುಸುಗುಸು ಎದ್ದಿತು. "ನಮ್ದೂ ಹಾಕಿದೀವಲ್ಲ!" "ಯಾರು ಬೇಕಾದ್ರೂ ನೋಡ್ಬಹುದಾ?" ಯಾರೋ ಫೋನ್ ಎತ್ತಿ ಪರದೆಯ ಚಿತ್ರ ತೆಗೆಯುತ್ತಿದ್ದರು. ನಿಸರ್ಗಳ ಮುಖ ಬಿಳುಚಿಕೊಂಡಿತ್ತು, ಆದರೆ ಅವಳು ಓಡಲಿಲ್ಲ. ಮೊದಲು ಪ್ರೊಜೆಕ್ಟರಿನ ತಂತಿ ಎಳೆದಳು. ಆಮೇಲೆ ಬಗ್ಗಿ ಲ್ಯಾಪ್‌ಟಾಪಿನಲ್ಲಿ ಸರ್ವರನ್ನೇ ನಿಲ್ಲಿಸಿದಳು.

ಚಕ್ರಪಾಣಿ ಎದ್ದು ಸಭೆಯ ಕಡೆ ತಿರುಗಿದ. "ಗಾಬರಿ ಆಗ್ಬೇಡಿ, ಗಾಬರಿ ಆಗ್ಬೇಡಿ. ಇದು ಸ್ಟೂಡೆಂಟ್ ಪ್ರಾಜೆಕ್ಟು. ರಿವ್ಯೂ ಮಾಡ್ಸಿದೀವಿ, ದೊಡ್ಡ ಕಂಪನಿ ಸೀನಿಯರ್ ಡೆವಲಪರ್ ಹತ್ರ. ಅವರು ಏನೂ ಹೇಳ್ಲಿಲ್ಲ..."

ಆ ಮಾತು ಅವನ ಬಾಯಿಂದ ಎರಡನೆಯ ಸಲ ಬಂದದ್ದು ಕೇಳಿ ಶಾಲಿನಿಗೆ ಮೈ ಉರಿಯಿತು. ಉರಿಯ ಜೊತೆಗೆ ಎಂಟು ವರ್ಷ ಕಾದ ಸುಖವೂ ಇತ್ತು.

"ಹೌದು, ಹೇಳ್ಲಿಲ್ಲ," ಎಂದಳು ಜೋರಾಗಿ. "ರಿವ್ಯೂ ಮಾಡಿದ್ದು ನಾನೇ. ಈ ಸಲ ನಿಜವಾಗ್ಲೂ ಹೇಳ್ಲಿಲ್ಲ. ಹೇಗಿರುತ್ತೆ ಅಂತ ಈಗ ಗೊತ್ತಾಯ್ತಾ ಚಕ್ರಪಾಣಿ?"

ಉಳಿದವರಿಗೆ ಅರ್ಥವಾಗಲಿಲ್ಲ. ಅವನಿಗಾಯಿತು. ಬಾಯಿ ತೆರೆದು ಹಾಗೇ ಕುರ್ಚಿಯ ಮೇಲೆ ಕುಸಿದ. ಆ ಮುಖವನ್ನು ಅವಳು ಎಷ್ಟೋ ಸಲ ಊಹಿಸಿಕೊಂಡಿದ್ದಳು, ಊಹೆಗಿಂತ ಚೆನ್ನಾಗಿತ್ತು.

ಆಗ ನಿಸರ್ಗ ಮಾತಾಡಿದಳು. ಇಂಗ್ಲಿಷು ಬಿಟ್ಟು ಬರುವಷ್ಟು ಕನ್ನಡದಲ್ಲೇ ಕೇಳಿದಳು, ಎಲ್ಲರಿಗೂ ತಿಳಿಯಲಿ ಎಂದೋ ಏನೋ.

"ಆಂಟಿ, ನೀವು ಆ ಫೈಲ್ ಓದಿದ್ರಿ. ಅದರ ಮೇಲಿನ ಲೈನಿಗೆ ಕಾಮೆಂಟ್ ಹಾಕಿದ್ರಿ. ನಾನು ಐದನೇ ಕ್ವೆಶ್ಚನ್ ಇದಕ್ಕೇ ಕೇಳಿದ್ದು. ನೀವು ಓಕೆ ಅಂದ್ಮೇಲೆ ಇವರೆಲ್ಲರ ಹತ್ರ ಡೇಟಾ ತಗೊಂಡೆ. ಅಪ್ಪ ಬೇಗ ತಗೋ ಅಂದ್ರು, ನಾನು ಇಲ್ಲ, ರಿವ್ಯೂ ಆಗ್ಲಿ ಅಂತ ವೇಟ್ ಮಾಡಿದ್ದೆ." ಲ್ಯಾಪ್‌ಟಾಪ್ ಮುಚ್ಚಿ, "ನಿಮ್ಗೆ ಗೊತ್ತಿತ್ತಾ?"

ಇಡೀ ಸಭೆ ಶಾಲಿನಿಯತ್ತ ತಿರುಗಿತ್ತು. ಇಲ್ಲ ಅನ್ನಬಹುದಿತ್ತು. ಕಣ್ತಪ್ಪಿತು ಎಂದರೆ ನಂಬುವವರು ನಂಬುತ್ತಿದ್ದರು.

"ಗೊತ್ತಿತ್ತು," ಎಂದಳು.

ಉಷಾ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದರು. ಶಾಲಿನಿ ಚೀಲ ಹೆಗಲಿಗೇರಿಸಿ ಹೊರಬಂದಳು. ನಾಲ್ಕುನೂರೈದು ನಂಬರಿನ ಹೆದ್ದಾರಿ ಸೇರುವವರೆಗೆ ಚಕ್ರಪಾಣಿಯ ಮುಖವನ್ನು ಮತ್ತೆ ಮತ್ತೆ ನೆನೆದು ಖುಷಿಪಟ್ಟಳು. ಆಮೇಲೆ ಉಷಾ ಅವರ ಮುಖ ಬಂತು, ಮತ್ತೆ ಹೋಗಲಿಲ್ಲ.

*

ಮರುದಿನ ಬೆಳಿಗ್ಗೆ ಮರ್ಸರ್ ಐಲ್ಯಾಂಡಿನ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಗರಾಜಿನ ಬಾಗಿಲು ತೆರೆದೇ ಇತ್ತು. ಒಳಗೆ ಏಣಿ ಹಾಕಿ, ಬಾಗಿಲು ಎತ್ತುವ ಮೋಟಾರಿನ ಕೆಳಗೆ ಚಕ್ರಪಾಣಿ ನಿಂತಿದ್ದ. ಹೊಸ ಕೋಡ್ ಹಾಕಬೇಕಾದರೆ ಒಬ್ಬರು ಮೋಟಾರಿನ ಮೇಲಿನ ಗುಂಡಿ ಒತ್ತಬೇಕು. ಅದರ ದೀಪ ಉರಿಯುವ ಅರ್ಧ ನಿಮಿಷದೊಳಗೆ ಇನ್ನೊಬ್ಬರು ಹೊರಗೋಡೆಯ ಕೀಪ್ಯಾಡಿನಲ್ಲಿ ಹೊಸ ಅಂಕಿ ಒತ್ತಬೇಕು. ಅವನೊಬ್ಬನೇ ಇಳಿದು ಓಡಿ ಬರುವಷ್ಟರಲ್ಲಿ ದೀಪ ಆರುತ್ತಿತ್ತು.

ಮನೆಯೊಳಗಿಂದ ನಿಸರ್ಗಳ ದನಿ ಕೇಳುತ್ತಿತ್ತು. ಒಬ್ಬೊಬ್ಬರಿಗೇ ಫೋನ್ ಮಾಡಿ, ಏನಾಗಿದೆ, ಯಾವ ಕೋಡ್ ಬದಲಾಯಿಸಬೇಕು, ತನ್ನ ಕಡೆಯಿಂದ ಏನನ್ನು ಅಳಿಸಿದ್ದಾಳೆ ಎಂದು ಹೇಳುತ್ತಿದ್ದಳು. ಬೈಸಿಕೊಳ್ಳುತ್ತಿದ್ದಳು ಎಂಬುದು ನಡುವಿನ ಮೌನದಿಂದ ಗೊತ್ತಾಗುತ್ತಿತ್ತು.

"ನೀವು ಮೇಲೆ ಒತ್ತಿ," ಎಂದಳು ಶಾಲಿನಿ. "ನಾನು ಹೊರಗಿರ್ತೀನಿ."

ಚಕ್ರಪಾಣಿ ಏಣಿಯ ಮೇಲಿಂದಲೇ ಕೆಳಗೆ ನೋಡಿದ. "ಅವಳ ಮೇಲೆ ಯಾಕೆ ತೀರಿಸ್ಕೊಂಡೆ? ನನ್ನ ಮೇಲೆ ತೀರಿಸ್ಕೋಬಹುದಿತ್ತಲ್ಲ."

"ನಿಮ್ಮ ಮೇಲೆ ಬೇರೆ ದಾರಿ ಎಲ್ಲಿತ್ತು? ಆವತ್ತು ಆ ರೂಮಲ್ಲಿ ಮಾತಾಡೋಕೆ ಬಿಟ್ಟಿದ್ರಾ?"

ಅವನು ಮೋಟಾರಿನ ಧೂಳನ್ನು ಬೆರಳಿನಿಂದ ಒರೆಸಿದ. "ನೀನು ನನಗೆ ಹೇಳಿದ್ದೆ. ನೆನಪಿದೆ. ಆಗ ನನಗೆ ಮನೆ ಸಾಲ, ಇವಳ ಸ್ಕೂಲು..."

"ಬೇಡ," ಎಂದಳು. "ಆ ಕಾರಣ ನನಗೆ ಬೇಡ."

'ನೀನು ಹೇಳಿದ್ದೆ' ಎಂಬ ಈ ಒಂದು ಮಾತಿಗಾಗಿ ಅವಳು ಎಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದಳು. ಈಗ ಅದು ಬಂತು. ಕೇಳಿದವರು ಅವಳು ಮತ್ತು ಒಂದು ಹುಲ್ಲು ಕತ್ತರಿಸುವ ಯಂತ್ರ. "ನಾನು ನಿಮ್ಮನ್ನ ಕ್ಷಮಿಸೋಕೆ ಬಂದಿಲ್ಲ. ನೀವೂ ಕ್ಷಮಿಸ್ಬೇಡಿ. ಉಷಾ ಅವರಿಗೋಸ್ಕರ ಬಂದಿದೀನಿ."

ನಿಸರ್ಗ ಒಳಬಾಗಿಲಲ್ಲಿ ಬಂದು ನಿಂತಿದ್ದಳು. ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಫೋನು. ಎಷ್ಟು ಕೇಳಿಸಿಕೊಂಡಿದ್ದಳೋ. ಒಮ್ಮೆ ಅಪ್ಪನನ್ನು, ಒಮ್ಮೆ ಶಾಲಿನಿಯನ್ನು ನೋಡಿದಳು.

"ನಿಸರ್ಗ," ಎಂದಳು ಶಾಲಿನಿ. "ನಿನಗೆ ನಾನು ಮಾಡಿದ್ದು ತಪ್ಪು. ಉಳಿದ ಕೋಡನ್ನೂ ಪೂರ್ತಿ ನೋಡ್ಕೊಡ್ತೀನಿ, ಈ ಸಲ..."

"ನೋ, ಥ್ಯಾಂಕ್ಸ್," ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಆ ಬಗ್ ನಾನೇ ಫಿಕ್ಸ್ ಮಾಡಿದೀನಿ. ಬೇರೆಯವರ ಮನೆ ಕೇಳಿದ್ರೆ ಸರ್ವರ್ ಕೊಡ್ಬಾರ್ದು ಅಂತ ಟೆಸ್ಟೂ ಬರೆದೆ. ಬಾಕಿದನ್ನ ನಮ್ಮ ಪ್ರೊಫೆಸರ್ ನೋಡ್ತಾರೆ. ನಿಮ್ಗೆ ಮತ್ತೆ ಕೋಡ್ ಕಳ್ಸಲ್ಲ." ಅಪ್ಪನ ಕಡೆ ತಿರುಗಿ, "ನಿಮ್ಗೂ ತೋರ್ಸಲ್ಲ," ಎಂದು ಒಳಗೆ ಹೋದಳು. ಮತ್ತೆ ಫೋನಿನಲ್ಲಿ ಅವಳ ದನಿ ಶುರುವಾಯಿತು: "ಹಲೋ, ನಾನು ನಿಸರ್ಗ..."

ಉಷಾ ಹೊರಗೆ ಬಂದರು. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಶಾಲಿನಿ ಎರಡು ಹೆಜ್ಜೆ ಮುಂದೆ ಹೋಗಿ, "ನಿಜವಾದ ಮನೆಗಳು ಅಂತ ನನಗೆ ಗೊತ್ತಿರ್ಲಿಲ್ಲ ಉಷಾ ಅವ್ರೇ," ಎಂದಳು.

"ಗೊತ್ತಿದ್ದಿದ್ರೆ ಸುಮ್ನಿರ್ತಿದ್ದೆಯಾ?"

ಅವರು ಉತ್ತರಕ್ಕೆ ಕಾಯಲಿಲ್ಲ. "ನಿಮ್ಮಿಬ್ಬರ ಜಗಳದಲ್ಲಿ ನನ್ನ ಮನೆ ಬಾಗಿಲು ಯಾಕ್ರಪ್ಪ ತೆಗೆದ್ರಿ?" ಎಂದರು, ಇಬ್ಬರಿಗೂ ಸೇರಿಸಿ.

ಚಕ್ರಪಾಣಿ ಏಣಿಯ ಮೇಲೆ ಗುಂಡಿಗೆ ಬೆರಳಿಟ್ಟು, "ರೆಡಿ," ಎಂದ. ಶಾಲಿನಿ ಕೀಪ್ಯಾಡಿನ ಮುಚ್ಚಳ ಎತ್ತಿ, "ಹೇಳಿ, ಏನು ನಂಬರ್ ಹಾಕ್ಲಿ?" ಎಂದಳು.

ಉಷಾ ಅವಳ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು. "ನಾನೇ ಹಾಕ್ಕೊತೀನಿ. ನೀನು ಒತ್ತಪ್ಪ. ಒತ್ತಿ ಇಳಿದು ಬಾ. ಇಬ್ರೂ ಆ ಕಡೆ ತಿರುಗಿ ನಿಂತ್ಕೊಳ್ಳಿ."

ಚಕ್ರಪಾಣಿ ಒತ್ತಿ ಇಳಿದು ಬಂದ. ಡ್ರೈವ್‌ವೇಯ ತುದಿಯಲ್ಲಿ, ಸರೋವರಕ್ಕೆ ಮುಖ ಮಾಡಿ, ಇಬ್ಬರೂ ಪಕ್ಕಪಕ್ಕದಲ್ಲಿ ನಿಂತರು. ಬೆನ್ನ ಹಿಂದೆ ಉಷಾ ಕನ್ನಡಕ ಸರಿಪಡಿಸಿಕೊಂಡು ವಯಸ್ಸಾದ ಬೆರಳಿನಿಂದ ನಿಧಾನವಾಗಿ ಅಂಕಿಗಳನ್ನು ಒತ್ತುತ್ತಿದ್ದರು. ಕೀಪ್ಯಾಡು ಕುಂಯ್ ಎಂದಿತು, ಮತ್ತೆ ಕುಂಯ್ ಎಂದಿತು. ಹೊತ್ತು ಮೀರಿತೇನೋ ಎಂದು ತಿರುಗಿ ನೋಡಬೇಕೆನ್ನಿಸಿದರೂ ಇಬ್ಬರಲ್ಲಿ ಯಾರೂ ತಿರುಗಲಿಲ್ಲ.